ನಲವತ್ತೆರಡರಲ್ಲಿ ಐಟಿ ಬಿಟ್ಟು ಮೇಷ್ಟ್ರಾಗುವ ಲೆಕ್ಕ: ಪಿಎಫ್ ಹೊಸ ನಿಯಮ ನಿಜವಾಗಿ ಅಡ್ಡ ಬರುತ್ತದಾ?

2025ರ ಅಕ್ಟೋಬರ್ 13ರಂದು ಇಪಿಎಫ್‌ಒದ ಕೇಂದ್ರ ಮಂಡಳಿ ಪಿಎಫ್ ಹಣ ತೆಗೆಯುವ ನಿಯಮಗಳನ್ನು ಬದಲಿಸುವ ತೀರ್ಮಾನ ಮಾಡಿತು. ಕೆಲಸ ಬಿಟ್ಟರೆ ಇನ್ನು ಒಂದು ವರ್ಷ ದುಡ್ಡು ಸಿಗಲ್ಲ ಅನ್ನುವ ಸುದ್ದಿ ಕೂಡಲೇ ಎಲ್ಲ ಕಡೆ ಓಡಾಡಿತು. ಆರು ವಾರ ತುಂಬುವ ಮೊದಲೇ, ನವೆಂಬರ್ 21ರಂದು, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಗ ಇನ್ನೊಂದು ಸುದ್ದಿ, ಇನ್ನು ಮುಂದೆ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಂತ. ಎರಡರಲ್ಲೂ ಅರ್ಧ ಮಾತ್ರ ನಿಜ.

ಬೆಂಗಳೂರಿನಲ್ಲಿ ಈ ಗೊಂದಲ ಜಾಸ್ತಿ ತಟ್ಟಿದ್ದು ನಲವತ್ತರ ಆಸುಪಾಸಿನವರಿಗೆ. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತ್ತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಅಂತಲೂ ಹೇಳಿತ್ತು. ಹದಿನೈದು ಇಪ್ಪತ್ತು ವರ್ಷ ಐಟಿಯಲ್ಲಿ ದುಡಿದವರು ಅಲ್ಲಿಂದಾಚೆ ಬೇರೆ ದಾರಿ ಯೋಚಿಸತೊಡಗಿದ್ದರು. ಅಷ್ಟರಲ್ಲಿ, ನೆಚ್ಚಿಕೊಂಡಿದ್ದ ಪಿಎಫ್ ದುಡ್ಡಿಗೂ ಬೀಗ ಬಿತ್ತು ಅಂದರೆ ಗಾಬರಿಯಾಗದೆ ಇರುತ್ತದಾ?

ಗಾಬರಿ ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ, ಈ ವಯಸ್ಸಿನವರು ಕೆಲಸದ ದಾರಿ ಬದಲಿಸುವಾಗ ಎಡವುವ ಜಾಗ ಪಿಎಫ್ ನಿಯಮ ಅಲ್ಲ, ಬೇರೆ ಇದೆ.

ಬದಲಾಗಿದ್ದು ಏನು

ಮೊದಲು ಹೀಗಿತ್ತು: ಕೆಲಸ ಹೋಗಿ ಒಂದು ತಿಂಗಳಾದರೆ ಖಾತೆಯ ಶೇ 75 ತೆಗೆಯಬಹುದಿತ್ತು, ಎರಡು ತಿಂಗಳಾದರೆ ಉಳಿದ ಶೇ 25. ಮಂಡಳಿಯ ತೀರ್ಮಾನದ ಪ್ರಕಾರ ಶೇ 75ಕ್ಕೆ ಕಾಯಬೇಕಾಗಿಲ್ಲ, ಕೆಲಸ ಹೋದ ಕೂಡಲೇ ತೆಗೆಯಬಹುದು. ಉಳಿದ ಕಾಲು ಭಾಗಕ್ಕೆ ಮಾತ್ರ 12 ತಿಂಗಳು ಕಾಯಬೇಕು. ಅಂದರೆ ಒಂದು ವರ್ಷ ಬೀಗ ಬೀಳುವುದು ಈ ಕಾಲು ಭಾಗಕ್ಕೆ, ಇಡೀ ಹಣಕ್ಕೆ ಅಲ್ಲ.

ಇನ್ನೊಂದು ಬದಲಾವಣೆ ಪಿಂಚಣಿ ಹಣದ್ದು. ಅದನ್ನು ವಾಪಸ್ ತೆಗೆಯಲು ಇದ್ದ 2 ತಿಂಗಳ ಕಾಯುವಿಕೆಯನ್ನು 36 ತಿಂಗಳಿಗೆ ಏರಿಸಿದ್ದಾರೆ. ಮೂರು ವರ್ಷ ಅಂದಾಕ್ಷಣ ಬೆಚ್ಚಿಬೀಳಬೇಡಿ. ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಆದವರು ಆ ಹಣವನ್ನು ಒಟ್ಟಿಗೆ ತೆಗೆಯಲು ಮೊದಲೂ ಆಗುತ್ತಿರಲಿಲ್ಲ. ಅವರಿಗೆ ಸೇವೆಯ ವರ್ಷಗಳನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಸಿಗುತ್ತದೆ, 58ಕ್ಕೆ ಪಿಂಚಣಿ ಶುರುವಾಗುತ್ತದೆ. ಹದಿನೆಂಟು ವರ್ಷ ಆ ಯೋಜನೆಯಲ್ಲಿದ್ದವರಿಗೆ 36 ತಿಂಗಳ ನಿಯಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಿಂಚಣಿಯ ಮೊತ್ತವೂ ದೊಡ್ಡದಲ್ಲ: 15,000 ರೂಪಾಯಿಯ ಸಂಬಳ ಮಿತಿಯಲ್ಲಿ 18 ವರ್ಷಕ್ಕೆ ತಿಂಗಳಿಗೆ ಸುಮಾರು 3,857 ರೂಪಾಯಿ. ಅದನ್ನು ನಂಬಿ ಯಾವ ನಿರ್ಧಾರವನ್ನೂ ಮಾಡಲಾಗದು.

ಎರಡು ಕಡೆಯ ವಾದ

ಸರ್ಕಾರದ ವಾದ ಹೀಗಿದೆ: ಜನ ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದು ಖರ್ಚು ಮಾಡುತ್ತಾರೆ. ಕೊನೆಯ ಇತ್ಯರ್ಥದ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಗಿಂತ ಕಡಿಮೆ ಇರುತ್ತದೆ. ಸ್ವಲ್ಪವಾದರೂ ಉಳಿಯಲಿ ಅಂತ ಕಾಲು ಭಾಗ ತಡೆದಿದ್ದೇವೆ.

ವಿರೋಧಿಸುವವರು ಹೇಳುವುದು: ದುಡ್ಡು ದುಡಿದವರದ್ದು. ಕೆಲಸ ಇಲ್ಲದ ದಿನಗಳಲ್ಲೇ ಅದು ಬೇಕಾಗುವುದು. ಆಗಲೇ ತಡೆದರೆ ಹೇಗೆ?

ಎರಡು ವಾದಕ್ಕೂ ತೂಕ ಇದೆ, ಆದರೆ ಬೇರೆ ಬೇರೆ ಜನರ ವಿಷಯದಲ್ಲಿ. ಖಾತೆಯಲ್ಲಿ 4 ಲಕ್ಷ ಇರುವ, ತಿಂಗಳಿಗೆ 40,000 ಬೇಕಾಗುವ ಒಬ್ಬ ಉದ್ಯೋಗಿಯನ್ನು ತೆಗೆದುಕೊಳ್ಳಿ. ಕೂಡಲೇ ಸಿಗುವ 3 ಲಕ್ಷ ಏಳೂವರೆ ತಿಂಗಳಿಗೆ ಮುಗಿಯುತ್ತದೆ. ಉಳಿದ 1 ಲಕ್ಷ ಕಣ್ಣಿಗೆ ಕಾಣುತ್ತದೆ, ಕೈಗೆ ಬರಲ್ಲ, ಇನ್ನೂ ನಾಲ್ಕೂವರೆ ತಿಂಗಳು. ಅಂಥವರಿಗೆ ಈ ನಿಯಮ ನಿಜಕ್ಕೂ ಕಷ್ಟ ಕೊಡುತ್ತದೆ, ಅವರ ಪರವಾಗಿ ಎದ್ದ ದನಿಯಲ್ಲಿ ನ್ಯಾಯ ಇದೆ. ದೊಡ್ಡ ಮೊತ್ತ ಇರುವ ಮಧ್ಯವಯಸ್ಸಿನವರ ಕಥೆ ಬೇರೆ.

ಒಂದು ಮನೆಯ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್. ಗಂಡನಿಗೆ 42, ಬಿ.ಇ. ಓದಿ ಹದಿನೆಂಟು ವರ್ಷ ಐಟಿಯಲ್ಲಿದ್ದು ಈಗ ಟೆಸ್ಟ್ ಮ್ಯಾನೇಜರ್. ಹೆಂಡತಿಗೂ ಕೆಲಸ ಇದೆ, ಕೈಗೆ ಬರುವುದು 45,000. ಮಕ್ಕಳು 14 ಮತ್ತು 10 ವರ್ಷದವರು. ಅಮ್ಮ ಹಾಸನದಲ್ಲಿ. ಗಂಡನಿಗೆ ಕೆಲಸ ಬಿಟ್ಟು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಆಸೆ.

ತಿಂಗಳ ಖರ್ಚು: ಗೃಹಸಾಲದ ಇಎಂಐ 48,700 (ಬಾಕಿ 45 ಲಕ್ಷ, ಶೇ 8 ಬಡ್ಡಿ, ಇನ್ನೂ 12 ವರ್ಷ), ಮಕ್ಕಳ ಶಾಲೆ ಮತ್ತು ವ್ಯಾನ್ 30,000, ಮನೆಖರ್ಚು 40,000, ಅಮ್ಮನ ಔಷಧಿ ಮತ್ತು ಮನೆಕೆಲಸದವರ ಸಂಬಳ 12,000, ವಿಮೆ, ಗಾಡಿ, ಫ್ಲ್ಯಾಟ್ ನಿರ್ವಹಣೆ, ಹಬ್ಬ ಹುಣ್ಣಿಮೆ ಎಲ್ಲ ಸೇರಿ 24,000 ಚಿಲ್ಲರೆ. ಒಟ್ಟು 1,55,000. ಹೆಂಡತಿಯ ಸಂಬಳ ಕಳೆದರೆ ತಿಂಗಳಿಗೆ 1,10,000 ಕೊರತೆ.

ಕೈಯಲ್ಲಿರುವುದು: ಪಿಎಫ್ 28 ಲಕ್ಷ. ಜೊತೆಗೆ ಗ್ರಾಚ್ಯುಟಿ. ಕೊನೆಯ ಕಂಪನಿಯಲ್ಲಿ 9 ವರ್ಷ, ಬೇಸಿಕ್ 90,000 ಅಂದುಕೊಂಡರೆ, ಬೇಸಿಕ್ಕನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 9ರಿಂದ ಗುಣಿಸಬೇಕು. ಸುಮಾರು 4.67 ಲಕ್ಷ ಬರುತ್ತದೆ.

ಈಗ ಓದು. ಬಿ.ಎಡ್. ಎರಡು ವರ್ಷದ ಕೋರ್ಸು. ಅದರಲ್ಲಿ ಒಟ್ಟು 20 ವಾರ ಶಾಲೆಗಳಲ್ಲಿ ಇದ್ದು ಕಲಿಯಬೇಕು. ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ 90 ಹಾಜರಾತಿ ಬೇಕು ಅಂತ ಶಿಕ್ಷಕರ ತರಬೇತಿ ಕೋರ್ಸುಗಳನ್ನು ನಿಯಂತ್ರಿಸುವ ಎನ್‌ಸಿಟಿಇ ನಿಯಮ. ಹಾಗಾಗಿ ಕೆಲಸದಲ್ಲಿ ಇದ್ದುಕೊಂಡೇ ಮುಗಿಸಿಬಿಡೋಣ ಅನ್ನುವುದು ಆಗದ ಮಾತು. ಹಾಜರಾತಿ ನಾವು ನೋಡಿಕೊಳ್ತೀವಿ ಅನ್ನುವ ಕಾಲೇಜು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಆ ಪದವಿಗೆ ನಾಳೆ ತೊಂದರೆಯಾದರೆ ಎರಡು ವರ್ಷವೂ ಹೋಯಿತು, ದುಡ್ಡೂ ಹೋಯಿತು. ಎಂಟನೇ ತರಗತಿವರೆಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಕೂಡ ಪಾಸಾಗಿರಬೇಕು.

ಈ ಎರಡು ವರ್ಷ ದಾಟಲು ಎಷ್ಟು ಬೇಕು? ಏನೂ ಬದಲಿಸದಿದ್ದರೆ 26.4 ಲಕ್ಷ. ಸಾಲದ ಕಡೆ ಸ್ವಲ್ಪ ಕೈ ಆಡಿಸಿದರೆ ಇದು ಇಳಿಯುತ್ತದೆ. ಗ್ರಾಚ್ಯುಟಿಗೆ ಸ್ವಲ್ಪ ಸೇರಿಸಿ 5 ಲಕ್ಷ ಸಾಲಕ್ಕೆ ಕಟ್ಟಿ, ಉಳಿದ 40 ಲಕ್ಷವನ್ನು 58ರ ವಯಸ್ಸಿನವರೆಗೆ, ಅಂದರೆ 16 ವರ್ಷಕ್ಕೆ ಹಂಚಿದರೆ ಇಎಂಐ ಸುಮಾರು 37,000ಕ್ಕೆ ಬರುತ್ತದೆ. ನಾಲ್ಕು ವರ್ಷ ಜಾಸ್ತಿ ಬಡ್ಡಿ ಕಟ್ಟುತ್ತೀರಿ, ಅದು ನಷ್ಟವೇ. ಆದರೆ ತಿಂಗಳಿಗೆ 11,700 ಉಳಿಯುತ್ತದೆ. ಕಂಪನಿಯ ವಿಮೆ ಹೋದ ಮೇಲೆ ಸ್ವಂತ ಆರೋಗ್ಯ ವಿಮೆಗೆ ತಿಂಗಳಿಗೆ 4–5 ಸಾವಿರ ಸೇರಿಸಿ. ಕೊರತೆ ಹೆಚ್ಚುಕಡಿಮೆ 1 ಲಕ್ಷದಿಂದ 1 ಲಕ್ಷದ 4 ಸಾವಿರಕ್ಕೆ ನಿಲ್ಲುತ್ತದೆ. ಸುಲಭಕ್ಕೆ 1 ಲಕ್ಷ ಅನ್ನೋಣ. ಎರಡು ವರ್ಷಕ್ಕೆ 24 ಲಕ್ಷ.

ಈಗ ಪಿಎಫ್ ನಿಯಮ ಇಟ್ಟು ನೋಡಿ. 28 ಲಕ್ಷದಲ್ಲಿ 21 ಲಕ್ಷ ಕೂಡಲೇ ತೆಗೆಯಬಹುದು. ಅದು ಖಾಲಿಯಾಗಲು 20 ತಿಂಗಳ ಮೇಲೆ ಬೇಕು. ಅಷ್ಟರಲ್ಲಿ 12 ತಿಂಗಳು ಯಾವಾಗಲೋ ಕಳೆದಿರುತ್ತದೆ, ಉಳಿದ 7 ಲಕ್ಷದ ಬೀಗ ತೆರೆದಿರುತ್ತದೆ. ಅಂದರೆ ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದ ನಿಯಮ ಈ ಮನೆಗೆ ಒಂದು ದಿನವೂ ಅಡ್ಡ ಬರಲಿಲ್ಲ.

ಹಾಗಾದರೆ ಎಡವುವುದು ಎಲ್ಲಿ?

ಎರಡು ವರ್ಷ ಮುಗಿಯಿತು. ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು, ಸಂಬಳ 40,000 ಅಂದುಕೊಳ್ಳೋಣ. ಹೆಂಡತಿಯದ್ದು ಸೇರಿ 85,000. ಖರ್ಚು ಇಎಂಐ ಇಳಿಸಿದ ಮೇಲೂ 1,48,000ದ ಹತ್ತಿರ. ತಿಂಗಳಿಗೆ ಇನ್ನೂ 63,000 ಕೊರತೆ. ಉಳಿದ 4 ಲಕ್ಷ ಚಿಲ್ಲರೆ ಆರೇಳು ತಿಂಗಳಿಗೆ ಮುಗಿಯುತ್ತದೆ.

ಹೊಸ ಕೆಲಸ ಸಿಕ್ಕ ವರ್ಷವೇ, ಕೆಲಸ ಬಿಟ್ಟ ಸುಮಾರು 31ನೇ ತಿಂಗಳಲ್ಲಿ ಈ ಲೆಕ್ಕ ನಿಂತುಹೋಗುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೊರತೆ ಇವೆ, ಜನ ಅವನ್ನು ಒಂದೇ ಅಂದುಕೊಳ್ಳುತ್ತಾರೆ. ಓದುವ ಎರಡು ವರ್ಷದ್ದು ಮೊದಲನೆಯದು. ಅದಕ್ಕೆ ಕೊನೆ ಇದೆ, ಉಳಿತಾಯದಿಂದ ತುಂಬಬಹುದು. ಹೊಸ ಸಂಬಳಕ್ಕೂ ಹಳೆಯ ಖರ್ಚಿಗೂ ನಡುವೆ ಇರುವುದು ಎರಡನೆಯದು. ಅದು ಪ್ರತಿ ತಿಂಗಳೂ ಬರುತ್ತಲೇ ಇರುತ್ತದೆ, ಎಷ್ಟು ಪಿಎಫ್ ಇದ್ದರೂ ಅದನ್ನು ತುಂಬಲಾಗದು. "ಎರಡು ವರ್ಷಕ್ಕೆ ಆಗುವಷ್ಟು ಇದೆ" ಅಂತ ಧೈರ್ಯ ಮಾಡಿ ರಾಜೀನಾಮೆ ಕೊಡುವವರು ನೋಡದೆ ಬಿಡುವುದು ಇದನ್ನೇ.

ಜೊತೆಗೆ ಮಕ್ಕಳ ವಯಸ್ಸು. 14ರ ಮಗುವಿಗೆ ಅಪ್ಪನ ಬಿ.ಎಡ್. ಮುಗಿಯುವಾಗ 16. ಪಿಯುಸಿ, ಕೋಚಿಂಗ್, ಆಮೇಲೆ ಕಾಲೇಜು. ಶಾಲೆಯ ಖರ್ಚು 30,000ದಲ್ಲೇ ನಿಲ್ಲುತ್ತದೆ ಅಂತ ಮೇಲೆ ಹಾಕಿದ ಲೆಕ್ಕವೇ ಉದಾರದ್ದು. ಸಂಬಳ ತೀರ ಕಡಿಮೆ ಇರುವ ವರ್ಷಗಳಲ್ಲೇ ಫೀಸು ಏರುತ್ತದೆ. ನಿರ್ಧಾರಕ್ಕೆ ಮೊದಲು ಒಂದು ಹಾಳೆಯಲ್ಲಿ ಮುಂದಿನ ಎಂಟು ವರ್ಷ ಬರೆದು, ಪ್ರತಿ ವರ್ಷದ ಪಕ್ಕ ಮಕ್ಕಳ ತರಗತಿ, ಅಮ್ಮನ ವಯಸ್ಸು, ಸಾಲದ ಬಾಕಿ ಬರೆಯಿರಿ. ಎರಡು ವರ್ಷ ತಡ ಮಾಡುವುದೋ, ಮೊದಲ ಮಗು ಪಿಯುಸಿ ಮುಗಿಸುವ ತನಕ ಕಾಯುವುದೋ ಅನ್ನುವುದಕ್ಕೆ ಆ ಹಾಳೆಯಲ್ಲೇ ಉತ್ತರ ಸಿಗುತ್ತದೆ.

ಪಿಎಫ್ ತೆಗೆಯುವುದಕ್ಕೂ ಬೆಲೆ ಇದೆ. 2024-25ಕ್ಕೆ ಬಡ್ಡಿ ಶೇ 8.25. ಅದೇ ದರ ಮುಂದುವರಿಯಿತು ಅಂದುಕೊಂಡರೆ, ಇವತ್ತು ತೆಗೆಯುವ 21 ಲಕ್ಷ 58ರ ಹೊತ್ತಿಗೆ ಸುಮಾರು 75 ಲಕ್ಷ ಆಗುತ್ತಿತ್ತು. ತೆಗೆಯದೆ ಬಿಟ್ಟರೂ ಖಾತೆಗೆ ಬಡ್ಡಿ ಬರುತ್ತದೆ, ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ಆದಾಯ ತೆರಿಗೆ ಇದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲೇ ಹಾಗೆ ತೀರ್ಪು ಕೊಟ್ಟಿದೆ. ಹಾಗಾಗಿ ಒಂದೇ ಸಲ ಎಲ್ಲ ತೆಗೆದು ಉಳಿತಾಯ ಖಾತೆಯಲ್ಲಿ ಇಡುವುದಕ್ಕಿಂತ ಬೇಕಾದಷ್ಟನ್ನೇ ತೆಗೆಯುವುದು ಒಳ್ಳೆಯದು, ಉಳಿದದ್ದರ ಬಡ್ಡಿಯನ್ನು ರಿಟರ್ನ್ಸ್‌ನಲ್ಲಿ ತೋರಿಸಬೇಕು ಅಷ್ಟೇ.

ಎರಡನೇ ಕೊರತೆಗೆ ಹಳೆಯ ಅನುಭವ ಎಷ್ಟು ಬಾಳುತ್ತದೆ

ಸಂಜೆ ಟ್ಯೂಷನ್ ಹೇಳಿದರಾಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಮನೆಯ ಲೆಕ್ಕವನ್ನು ಅದರ ಮೇಲೆ ಕಟ್ಟುವುದು ಸರಿಯಲ್ಲ.

ಉಳಿಯುವುದು ಹದಿನೆಂಟು ವರ್ಷದ ಅನುಭವ. ಇಲ್ಲೂ ಸುಮ್ನೆ "ಲೀಡರ್‌ಶಿಪ್ ಇದೆ, ಕಮ್ಯುನಿಕೇಷನ್ ಇದೆ" ಅಂದರೆ ಯಾರೂ ದುಡ್ಡು ಕೊಡಲ್ಲ. ರೆಸ್ಯೂಮೆ ತೆಗೆದು, ಅದರಲ್ಲಿರುವ ಕಂಪನಿಯ ಒಳಗಿನ ಹೆಸರುಗಳನ್ನೆಲ್ಲ ಹೊಡೆದುಹಾಕಿ: ಪ್ರಾಜೆಕ್ಟಿನ ಹೆಸರು, ಗ್ರೇಡು, ಒಳಗಿನ ಟೂಲು, ಒಳಗಿನ ಪ್ರಶಸ್ತಿ. ಆಮೇಲೆ ಏನು ಉಳಿಯುತ್ತದೆ ನೋಡಿ. "40 ಜನರ ತಂಡ ನಡೆಸಿದ್ದೇನೆ" ಅನ್ನುವ ಸಾಲು ಹೊರಗಿನವರಿಗೆ ಏನೂ ಹೇಳಲ್ಲ. "ಬ್ಯಾಂಕಿನ ಪೇಮೆಂಟ್ ಸಾಫ್ಟ್‌ವೇರ್ ಗ್ರಾಹಕರ ಕೈಗೆ ಹೋಗುವ ಮೊದಲು ಎಲ್ಲಿ ಕೆಡಬಹುದು ಅಂತ ಪಟ್ಟಿ ಮಾಡಿ, ಪರೀಕ್ಷೆಗೆ ಎಷ್ಟು ದಿನ ಎಷ್ಟು ಜನ ಬೇಕು ಅಂತ ಅಂದಾಜು ಕೊಟ್ಟು, ಆಡಿಟ್ ದಾಟಿಸಿದ್ದೇನೆ" ಅನ್ನುವ ಸಾಲಿಗೆ ಬೆಲೆ ಇದೆ. ಟೆಸ್ಟರ್ ಇಲ್ಲದ ಸಣ್ಣ ಕಂಪನಿಗೆ ಈ ಕೆಲಸ ತಿಂಗಳಿಗೆ ಕೆಲವೇ ದಿನ ಬೇಕಾಗಬಹುದು, ಪೂರ್ತಿ ಸಂಬಳದವರು ಬೇಡ.

ಅಂಥ ಕೆಲಸ ತಿಂಗಳಿಗೆ 40,000 ತಂದರೆ? ಓದುವ ಎರಡು ವರ್ಷದಲ್ಲಿ 9.6 ಲಕ್ಷ ಕಡಿಮೆ ಖರ್ಚಾಗುತ್ತದೆ, ಪಿಎಫ್‌ನಲ್ಲಿ 13 ಲಕ್ಷದ ಮೇಲೆ ಉಳಿಯುತ್ತದೆ. ಎರಡನೇ ಕೊರತೆ 63,000ದಿಂದ 23,000ಕ್ಕೆ ಇಳಿಯುತ್ತದೆ. ಆ 23,000ವನ್ನು ಹೆಂಡತಿಯ ಸಂಬಳ ಏರಿಕೆಯಿಂದಲೋ, ಖರ್ಚು ಕಡಿಮೆ ಮಾಡಿಯೋ ಮುಚ್ಚುವ ದಾರಿ ಕಾಣುತ್ತದೆ. ಶಾಲೆಯಲ್ಲಿ ಕೆಲಸ ಮಾಡುತ್ತಾ ಹೊರಗಿನ ಕೆಲಸ ಮಾಡಲು ನೇಮಕಾತಿ ಪತ್ರ ಬಿಡುತ್ತದಾ ಅಂತ ಮೊದಲೇ ಓದಿ ನೋಡಬೇಕು. ಮುಖ್ಯವಾಗಿ, ಈ 40,000 ಬರುತ್ತದೆ ಅಂತ ಊಹಿಸಿ ರಾಜೀನಾಮೆ ಕೊಡಬಾರದು. ಇಬ್ಬರು ಗ್ರಾಹಕರಾದರೂ ನಿಜವಾಗಿ ಒಪ್ಪಿಕೊಂಡ ಮೇಲೆ ಕೊಡಬೇಕು.

ಗ್ರಾಚ್ಯುಟಿ ಸುದ್ದಿ ಎಲ್ಲಿ ತಾಗುತ್ತದೆ

ಕಾಯಂ ನೌಕರರಿಗೆ ಗ್ರಾಚ್ಯುಟಿಗೆ 5 ವರ್ಷದ ಷರತ್ತು ಈಗಲೂ ಇದೆ. ಒಂದು ವರ್ಷಕ್ಕೆ ಇಳಿದಿದ್ದು ನಿಗದಿತ ಅವಧಿಗೆ ನೇಮಕವಾದ ನೌಕರರಿಗೆ. ನಾಲ್ಕೂವರೆ ವರ್ಷ ಆಗಿದೆ, ಈಗಲೇ ಬಿಟ್ಟರೂ ಹೊಸ ಕಾನೂನಿನಲ್ಲಿ ಸಿಗುತ್ತದೆ ಅಂದುಕೊಂಡು ರಾಜೀನಾಮೆ ಬರೆದರೆ ಕಷ್ಟ.

ದಾರಿ ಬದಲಿಸುವವರಿಗೆ ಇದು ಮುಂದಿನ ಕೆಲಸದಲ್ಲಿ ತಾಗುತ್ತದೆ. ನಲವತ್ತು ದಾಟಿದವರನ್ನು ಹೊಸ ಕ್ಷೇತ್ರಕ್ಕೆ ತೆಗೆದುಕೊಳ್ಳುವಾಗ ಮೊದಲು ಒಂದು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟು ನೋಡುವುದುಂಟು. ಆ ಪತ್ರದಲ್ಲಿ ನಿಮ್ಮನ್ನು ನಿಗದಿತ ಅವಧಿಯ ನೌಕರ ಅಂತ ಬರೆದಿದ್ದಾರಾ, ಕನ್ಸಲ್ಟೆಂಟ್ ಅಂತ ಬರೆದಿದ್ದಾರಾ ನೋಡಿ. ನೌಕರ ಅಂತಿದ್ದರೆ ವರ್ಷಕ್ಕೆ ಗ್ರಾಚ್ಯುಟಿ, ಪಿಎಫ್‌ನ ಹಕ್ಕು ಬರುತ್ತದೆ. ಕನ್ಸಲ್ಟೆಂಟ್ ಅಂತಿದ್ದರೆ ಟಿಡಿಎಸ್ ಹಿಡಿದು ಉಳಿದದ್ದು ಕೊಡುತ್ತಾರೆ, ಅಷ್ಟಕ್ಕೆ ಮುಗಿಯಿತು. ತಿಂಗಳಿಗೆ 50,000 ಅಂತ ಎರಡೂ ಕಡೆ ಬರೆದಿದ್ದರೂ ಎರಡೂ ಒಂದೇ ಅಲ್ಲ.

ಅಪಾಯ ಹೆಂಡತಿಯ ಕಡೆಗೆ ಸರಿಯುತ್ತದೆ

ಗಂಡ ಓದುವ ಎರಡು ವರ್ಷ ಮನೆಗೆ ಬರುವ ಒಂದೇ ಸಂಬಳ ಹೆಂಡತಿಯದ್ದು. ಅವರ ಕೆಲಸಕ್ಕೆ ಏನಾದರೂ ಆದರೆ ಲೆಕ್ಕ ಇನ್ನೂ ಎಷ್ಟೋ ತಿಂಗಳು ಮೊದಲೇ ಮುರಿಯುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಟರ್ಮ್ ವಿಮೆ ಇರುವುದು ಗಂಡನ ಹೆಸರಿನಲ್ಲಿ ಮಾತ್ರ, ಅದೂ ಕೆಲವೊಮ್ಮೆ ಕಂಪನಿ ಕೊಟ್ಟದ್ದು. ಕೆಲಸದ ಕೊನೆಯ ದಿನ ಅದೂ ಹೋಗುತ್ತದೆ. ಇಬ್ಬರ ಹೆಸರಿನಲ್ಲೂ ಸ್ವಂತ ಟರ್ಮ್ ವಿಮೆ ಬೇಕು, ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮಾಡಿಸಬೇಕು. ಹೆಂಡತಿ "ಸರಿ, ಬಿಡಿ" ಅನ್ನುವುದನ್ನು ಒಪ್ಪಿಗೆ ಅಂದುಕೊಳ್ಳಬಾರದು. ಮೇಲಿನ ಹಾಳೆಯನ್ನು ಇಬ್ಬರೂ ಕೂತು ತುಂಬಬೇಕು, ಯಾಕೆಂದರೆ ಹೊರೆ ಹೊರುವವರು ಅವರು.

ಅಮ್ಮನ ವಿಷಯ ಇನ್ನೂ ಸೂಕ್ಷ್ಮ. ಕಂಪನಿಯ ಗುಂಪು ವಿಮೆಯಲ್ಲಿ ಅಮ್ಮನ ಸಕ್ಕರೆ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆ ಇದ್ದಿರಬಹುದು. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಂಡರೆ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇದಕ್ಕೆ ಅರ್ಜಿ ಹಾಕಬೇಕಾದದ್ದು ನೋಟಿಸ್ ಅವಧಿಯಲ್ಲಿ, ಪಾಲಿಸಿ ಇನ್ನೂ ಜೀವಂತ ಇರುವಾಗ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಹಗುರ.

ರಾಜೀನಾಮೆಗೆ ಮೊದಲು, ಆಮೇಲೆ

ಇಎಂಐ ಬದಲಾವಣೆಯ ಮಾತುಕತೆ ರಾಜೀನಾಮೆಗೆ ಮೊದಲು ಆಗಬೇಕು. ಆದಾಯ ನಿಂತವರ ಸಾಲದ ಅವಧಿ ವಿಸ್ತರಿಸಲು ಬ್ಯಾಂಕು ಹಿಂದೆ ಮುಂದೆ ನೋಡುತ್ತದೆ, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದಂತೂ ಕಷ್ಟ. ಬ್ಯಾಂಕು ಮುಂದಿನ ಆದಾಯದ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದಿಷ್ಟು ಸಾಲ ತೀರಿಸುವಾಗ ಬಾಯಿಬಿಟ್ಟು ಹೇಳದಿದ್ದರೆ ಬ್ಯಾಂಕು ಸಾಮಾನ್ಯವಾಗಿ ಇಎಂಐ ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತದೆ. ನಿಮಗೆ ಈಗ ಬೇಕಾದದ್ದು ಅದರ ಉಲ್ಟಾ. ಇಎಂಐ ಇಳಿಸಿ ಅಂತ ಬರವಣಿಗೆಯಲ್ಲಿ ಕೊಡಿ. ಗ್ರಾಚ್ಯುಟಿ ಕೈಗೆ ಬರುವುದು ಕೆಲಸ ಬಿಟ್ಟ ಮೇಲೆ, ಹಾಗಾಗಿ ಅವಧಿ ವಿಸ್ತರಣೆ ಮೊದಲು, ಈ ತೀರಿಸುವಿಕೆ ಆಮೇಲೆ, ಎರಡು ಹಂತದಲ್ಲಿ ಮಾಡಬೇಕಾಗುತ್ತದೆ.

ಪಿಎಫ್‌ಗೆ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಅನ್ನುವುದನ್ನು ಇಪಿಎಫ್‌ಒ ಪೋರ್ಟಲ್‌ನಲ್ಲೇ ನೋಡಿ. ಹಳೆಯ ಕಂಪನಿಗಳ ಹಣವೆಲ್ಲ ಒಂದೇ ಯುಎಎನ್ ಕೆಳಗೆ ವರ್ಗಾವಣೆ ಆಗಿದೆಯಾ ಅಂತ ನೋಡಿ. ಐದು ವರ್ಷದ ನಿರಂತರ ಸೇವೆ ಆಗಿದ್ದರೆ ಮಾತ್ರ ತೆಗೆದ ಹಣಕ್ಕೆ ತೆರಿಗೆ ಇಲ್ಲ, ಆ ನಿರಂತರತೆ ತೋರುವುದು ವರ್ಗಾವಣೆಯಿಂದಲೇ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಕೊನೆಯ ದಿನ ಆದ ಮೇಲೆ ಕಂಪನಿ ನಿಮ್ಮ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸಬೇಕು. ಆ ಒಂದು ಕಾಲಂ ಖಾಲಿ ಇದ್ದರೆ ಅರ್ಜಿ ಮುಂದೆ ಹೋಗಲ್ಲ. ಕಂಪನಿ ನಮೂದಿಸದಿದ್ದರೆ ನೀವೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಕೊನೆಯ ಪಿಎಫ್ ಕಂತು ಕಟ್ಟಿ ಎರಡು ತಿಂಗಳಾಗಿರಬೇಕು. ಹಾಗಾಗಿ 21 ಲಕ್ಷ ಕೂಡಲೇ ಬರುತ್ತದೆ ಅಂತ ನಿಯಮ ಹೇಳಿದರೂ, ಮೂರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಇಟ್ಟುಕೊಂಡೇ ಹೊರಡಬೇಕು.